ಮೇಲೆ ಮೂರು ತಂತಿ, ಕೆಳಗೆ ನಾಲ್ಕು: ಕಂಬದ ಮೇಲಿನ ಟಿಸಿ ಹೇಗೆ ಕೆಲಸ ಮಾಡುತ್ತದೆ?

ನಮ್ಮ ತೋಟದ ಬದುವಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಊರಲ್ಲಿ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಅದು ಟಿಸಿ. ಎರಡು ಕಂಬ, ನಡುವೆ ಕಬ್ಬಿಣದ ಪಟ್ಟಿ, ಅದರ ಮೇಲೆ ಬೂದು ಬಣ್ಣದ ಡಬ್ಬ. ಕಳೆದ ಬೇಸಿಗೆಯಲ್ಲಿ ಅದು ಸುಟ್ಟುಹೋಯಿತು. ಬೇರೆಯದು ಬರುವಷ್ಟರಲ್ಲಿ ನಾಟಿ ಮಾಡಿದ್ದ ಟೊಮೆಟೊ ಅರ್ಧ ಒಣಗಿತ್ತು. ಯಾಕೆ ಸುಟ್ಟಿತು ಅಂತ ತಿಳಿಯಬೇಕಾದರೆ, ಅದು ಏನು ಮಾಡುತ್ತದೆ ಅನ್ನೋದು ಮೊದಲು ಗೊತ್ತಾಗಬೇಕು. ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ತಂತಿ ಎಣಿಸಿ

ದೂರದಲ್ಲೇ ನಿಂತು ತಲೆಯೆತ್ತಿ ನೋಡಿ. ಟಿಸಿಗೆ ಬರುವ ಲೈನಿನಲ್ಲಿ ಮೂರು ತಂತಿ ಇರುತ್ತವೆ. ಅದು 11 ಸಾವಿರ ವೋಲ್ಟ್‌ನ ಎಚ್‌ಟಿ ಲೈನು. ಟಿಸಿಯಿಂದ ಹೊರಡುವ ಎಲ್‌ಟಿ ಲೈನಿನಲ್ಲಿ ನಾಲ್ಕು ತಂತಿ: ಮೂರು ಫೇಸ್, ಒಂದು ನ್ಯೂಟ್ರಲ್. ಬೀದಿ ದೀಪ ಇದ್ದರೆ ಅದಕ್ಕೆ ಇನ್ನೊಂದು. ಎಲ್‌ಟಿಯಲ್ಲಿ ಯಾವುದೇ ಒಂದು ಫೇಸ್ ಮತ್ತು ನ್ಯೂಟ್ರಲ್ ಹಿಡಿದರೆ ಮನೆಗೆ ಬೇಕಾದ 230 ವೋಲ್ಟ್ ಸಿಗುತ್ತದೆ. 11 ಸಾವಿರವನ್ನು ಈ ಮಟ್ಟಕ್ಕೆ ಇಳಿಸುವುದೇ ಟಿಸಿಯ ಕೆಲಸ.

ಹಾಗಾದರೆ ಸಬ್‌ಸ್ಟೇಷನ್ನಿನಿಂದಲೇ ನೇರವಾಗಿ 230 ಕಳಿಸಿದ್ದರೆ ಸಾಕಾಗಿತ್ತು ಅಲ್ವಾ?

ಈಗ ಲೆಕ್ಕ ಹಾಕಿ

ಕರೆಂಟಿನ ಕಸುವು ಎರಡು ಸಂಗತಿಗಳ ಗುಣಾಕಾರ. ತಳ್ಳುವ ಒತ್ತಡ ವೋಲ್ಟ್, ಹರಿಯುವ ಪ್ರಮಾಣ ಆಂಪಿಯರ್. ವೋಲ್ಟ್ ಜಾಸ್ತಿ ಮಾಡಿದರೆ ಅಷ್ಟೇ ಕಸುವನ್ನು ಕಡಿಮೆ ಆಂಪಿಯರಿನಲ್ಲಿ ಸಾಗಿಸಬಹುದು. ಐವತ್ತು ಸಾವಿರ ರೂಪಾಯಿಯನ್ನು ಒಂದು ರೂಪಾಯಿ ನಾಣ್ಯದಲ್ಲಿ ಒಯ್ಯಲು ಗೋಣಿಚೀಲ ಬೇಕು, ಐನೂರರ ನೋಟಾದರೆ ಜೇಬು ಸಾಕು. ಹಣ ಅಷ್ಟೇ. ತಂತಿಗೆ ಭಾರವಾಗುವುದು ಆಂಪಿಯರ್. ತಂತಿಯನ್ನು ಕಾಯಿಸುವುದೂ ಅದೇ. ಆಂಪಿಯರ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಹತ್ತು ಪಟ್ಟಾದರೆ ನೂರು ಪಟ್ಟು.

ನಮ್ಮ ಊರಿನ ಉದಾಹರಣೆಯನ್ನೇ ತಗೊಳ್ಳಿ. ಸಬ್‌ಸ್ಟೇಷನ್ 5 ಕಿಲೋಮೀಟರ್ ದೂರ. ಲೆಕ್ಕ ಸುಲಭವಾಗಲಿ ಅಂತ ಹೋಗಲು ಒಂದು ತಂತಿ, ಬರಲು ಒಂದು ತಂತಿ ಅಂದುಕೊಳ್ಳೋಣ. ಒಟ್ಟು 10 ಕಿಲೋಮೀಟರ್. 11 ಸಾವಿರದ ಲೈನಿಗೆ ಹಾಕುವಂಥ ಅಲ್ಯೂಮಿನಿಯಂ ತಂತಿಯಾದರೆ ಅಷ್ಟು ಉದ್ದಕ್ಕೆ ಸುಮಾರು ಐದೂವರೆ ಓಮ್ ಅಡ್ಡಿ ಇರುತ್ತದೆ. ನಮಗೆ ಬೇಕಾಗಿರುವುದು 50 ಕಿಲೋವ್ಯಾಟ್.

11 ಸಾವಿರ ವೋಲ್ಟ್‌ನಲ್ಲಿ ಕಳಿಸಿದರೆ ನಾಲ್ಕೂವರೆ ಆಂಪಿಯರ್ ಸಾಕು. ದಾರಿಯಲ್ಲಿ 25 ವೋಲ್ಟ್ ಕಳೆಯುತ್ತದೆ. 11 ಸಾವಿರದಲ್ಲಿ 25 ಹೋದರೆ ಗೊತ್ತೂ ಆಗುವುದಿಲ್ಲ. ತಂತಿಯಲ್ಲಿ ಬಿಸಿಯಾಗಿ ಹೋಗುವುದು ಸುಮಾರು 115 ವ್ಯಾಟ್, ಎರಡು ಫ್ಯಾನಿನಷ್ಟು.

ಅದೇ 50 ಕಿಲೋವ್ಯಾಟನ್ನು 230 ವೋಲ್ಟ್‌ನಲ್ಲಿ ಕಳಿಸಲು 217 ಆಂಪಿಯರ್ ಬೇಕು. ಆದರೆ ಐದೂವರೆ ಓಮಿನ ತಂತಿಯಲ್ಲಿ 230 ವೋಲ್ಟ್ ಎಷ್ಟು ತಳ್ಳಿದರೂ 42 ಆಂಪಿಯರ್ ದಾಟುವುದಿಲ್ಲ. ಅದೂ ಈ ತುದಿಯಲ್ಲಿ ಎರಡು ತಂತಿಯನ್ನೂ ಸೇರಿಸಿ ಕಟ್ಟಿಬಿಟ್ಟರೆ. ಊರಿಗೆ ಸಿಗಬಹುದಾದದ್ದು ಹೆಚ್ಚೆಂದರೆ 2.4 ಕಿಲೋವ್ಯಾಟ್. ಬಚ್ಚಲ ಮನೆಯ ಒಂದು ಗೀಸರಿಗೆ ಸರಿಹೋಯಿತು. ಆಗಲೂ ಅರ್ಧ ವೋಲ್ಟೇಜ್ ದಾರಿಯಲ್ಲೇ ಹೋಗಿ, ನಮಗೆ ಮುಟ್ಟುವುದು 115 ಮಾತ್ರ. ನಷ್ಟದ ಮಾತು ಹಾಗಿರಲಿ, ಕರೆಂಟು ಊರು ತಲುಪುವುದೇ ಇಲ್ಲ. ಈ ಲೆಕ್ಕವನ್ನು ಮೊದಲ ಸಲ ಹಾಕಿದ ದಿನ ನಾನು ಲೈನನ್ನು ನೋಡುವ ರೀತಿಯೇ ಬದಲಾಯಿತು.

ದೂರ ಹೆಚ್ಚಿದಷ್ಟೂ ವೋಲ್ಟ್ ಏರಿಸಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ಕರೆಂಟು ಒಯ್ದದ್ದು 30 ಸಾವಿರ ವೋಲ್ಟ್‌ಗೂ ಮೇಲಿನ ಒತ್ತಡದಲ್ಲಿ. ಈಗಿನ ದೊಡ್ಡ ಟವರ್ ಲೈನುಗಳಲ್ಲಿ ಅದು 2 ಲಕ್ಷದ 20 ಸಾವಿರ, 4 ಲಕ್ಷ ವೋಲ್ಟ್. ಊರ ಹತ್ತಿರ ಬಂದಂತೆ ಹಂತ ಹಂತವಾಗಿ ಇಳಿಸುತ್ತಾರೆ. ಕೊನೆಯ ಮೆಟ್ಟಿಲು ನಮ್ಮ ಟಿಸಿ.

ಡಬ್ಬದ ಒಳಗೆ

ಒಳಗೆ ತಿರುಗುವ ಭಾಗ ಒಂದೂ ಇಲ್ಲ. ತೆಳು ಉಕ್ಕಿನ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ ಕಂಬಗಳಿವೆ. ಪ್ರತಿ ಕಂಬಕ್ಕೂ ಎರಡು ಸುರುಳಿ ಸುತ್ತಿರುತ್ತಾರೆ. 11 ಸಾವಿರದ ಕಡೆಯದು ತೆಳ್ಳನೆಯ ತಂತಿ, ಸುತ್ತು ಜಾಸ್ತಿ. ನಮ್ಮ ಕಡೆಯದು ದಪ್ಪ ತಂತಿ, ಸುತ್ತು ಕಡಿಮೆ. ಒಂದು ಸುರುಳಿಯ ಕರೆಂಟು ಉಕ್ಕನ್ನು ಆಯಸ್ಕಾಂತ ಮಾಡುತ್ತದೆ. ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುವುದರಿಂದ ಆ ಕಾಂತಶಕ್ತಿಯೂ ಏರಿಳಿಯುತ್ತದೆ. ಆ ಏರಿಳಿತವೇ ಇನ್ನೊಂದು ಸುರುಳಿಯಲ್ಲಿ ಕರೆಂಟು ಹುಟ್ಟಿಸುತ್ತದೆ. ಎರಡೂ ಸುರುಳಿ ಒಂದನ್ನೊಂದು ಮುಟ್ಟುವುದೇ ಇಲ್ಲ. ಬ್ಯಾಟರಿಯ ಕರೆಂಟು ಏರಿಳಿಯುವುದಿಲ್ಲ, ಅದಕ್ಕೇ ಅದು ಇಲ್ಲಿ ನಡೆಯದು.

ನಮ್ಮ ಟಿಸಿಯಲ್ಲಿ ಸುತ್ತುಗಳ ಲೆಕ್ಕ 44ಕ್ಕೆ 1. 11 ಸಾವಿರವನ್ನು 44ರಿಂದ ಭಾಗಿಸಿ: 250 ವೋಲ್ಟ್. 230ರ ಬದಲು 250 ಯಾಕೆ? ಟಿಸಿಯಿಂದ ಕೊನೆಯ ಮನೆಗೆ ಹೋಗುವಷ್ಟರಲ್ಲಿ ಎಲ್‌ಟಿ ತಂತಿಯಲ್ಲೂ ಒಂದಿಷ್ಟು ಕಳೆಯುತ್ತದೆ, ಅದಕ್ಕೆ ಮೊದಲೇ ಬಿಟ್ಟಿರುವ ಅಂತರ ಅದು.

ಹತ್ತಿರದಲ್ಲಿ ಕೇಳುವ 'ಗುಂಯ್' ಸದ್ದು ಆ ಉಕ್ಕಿನದು. ಕಾಂತಶಕ್ತಿ ಏರಿದಾಗೆಲ್ಲ ಹಾಳೆಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ, ಸೆಕೆಂಡಿಗೆ ನೂರು ಸಲ. ಡಬ್ಬದ ತುಂಬ ಎಣ್ಣೆ. ಸುರುಳಿಯ ಬಿಸಿಯನ್ನು ಹೊರಗಿನ ಕೊಳವೆ, ರೆಕ್ಕೆಗಳಿಗೆ ಒಯ್ಯುವುದೂ ಅದೇ, ಕಿಡಿ ಹಾರದಂತೆ ತಡೆಯುವುದೂ ಅದೇ.

ಕೊನೆಗೆ, ಎಷ್ಟು ಹೊರೆ ಅಂತ ನೋಡಿ

ಡಬ್ಬದ ಮೇಲೆ ಅದರ ಸಾಮರ್ಥ್ಯ ಬರೆದಿರುತ್ತದೆ. ನಮ್ಮದು 63 ಕೆವಿಎ. ಅಂದರೆ ಎಲ್‌ಟಿ ಕಡೆ ಪ್ರತಿ ಫೇಸಿಗೆ 84 ಆಂಪಿಯರ್ ತಾಳುತ್ತದೆ. 5 ಎಚ್‌ಪಿ ಪಂಪು ಒಂದೊಂದು ಫೇಸಿನಿಂದ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಹನ್ನೊಂದು ಪಂಪಿಗೆ ಟಿಸಿ ಭರ್ತಿ.

ಕಳೆದ ಬೇಸಿಗೆಯಲ್ಲಿ ಅದಕ್ಕೆ ಹದಿನಾಲ್ಕು ಪಂಪು ಇದ್ದವು. 105 ಆಂಪಿಯರ್. ಹೊರೆ ಕಾಲು ಭಾಗ ಹೆಚ್ಚಿದರೆ ಸುರುಳಿಯ ಬಿಸಿ ಒಂದೂವರೆ ಪಟ್ಟಾಗುತ್ತದೆ. ಮೇಲಾಗಿ ಎಲ್ಲರ ಪಂಪಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ತಕ್ಷಣ ಹದಿನಾಲ್ಕೂ ಒಟ್ಟಿಗೆ ಎದ್ದವು. ಮೋಟಾರು ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಕುಸಿದಾಗ ಮೋಟಾರು ಏಳಲು ಇನ್ನೂ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಜಾಸ್ತಿ ಎಳೆಯುತ್ತಲೇ ಇರುತ್ತದೆ. ಫ್ಯೂಸ್ ಹೋಗಬೇಕಾದದ್ದು ಆಗಲೇ. ಆದರೆ ಪದೇ ಪದೇ ಹೋಗುತ್ತದೆ ಅಂತ ಯಾರೋ ದಪ್ಪ ತಂತಿ ಕಟ್ಟಿದ್ದರು. ಸುರುಳಿಗೆ ಸುತ್ತಿದ ಕಾಗದ ದಿನದಿನಕ್ಕೆ ಕರಕಾಗಿ, ಒಂದು ದಿನ ಸುತ್ತಿಗೆ ಸುತ್ತು ಅಂಟಿಕೊಂಡು ಸುಟ್ಟಿತು.

ಗುರುತು ಮೊದಲೇ ಇದ್ದವು. ಗುಂಯ್ ಸದ್ದು ಗೊರಗೊರ ಆಗಿತ್ತು. ಡಬ್ಬದ ಬುಡದಲ್ಲಿ ಎಣ್ಣೆಯ ಜಿಡ್ಡು ಕಟ್ಟಿತ್ತು. ಪಕ್ಕದಲ್ಲಿ ನೇತಾಡುವ ಸಣ್ಣ ಗಾಜಿನ ಡಬ್ಬಿಯಲ್ಲಿ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಅಂದರೆ ಎಣ್ಣೆಗೆ ತೇವ ಸೇರುತ್ತಿತ್ತು. ಇವನ್ನೆಲ್ಲ ನೆಲದ ಮೇಲೆ ನಿಂತೇ ನೋಡಬಹುದು. ಕಂಡರೆ 1912ಕ್ಕೆ ಫೋನ್ ಮಾಡಿ. ದಯವಿಟ್ಟು ಕಂಬ ಹತ್ತಬೇಡಿ, ಫ್ಯೂಸಿಗೆ ಕೈ ಹಾಕಬೇಡಿ. ಲೈನ್ ಆಫ್ ಆಗಿದೆ ಅನ್ನಿಸಿದರೂ ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಬಂದಿರಬಹುದು.

ಹೊಸ ಟಿಸಿಯೂ 63 ಕೆವಿಎಯದೇ. ಹದಿನಾಲ್ಕು ಜನ ಕೂತು ಮಾತಾಡಿ ಆಟೋ ಸ್ಟಾರ್ಟರ್ ಕಿತ್ತಿದ್ದೇವೆ. ಈಗ ಏಳು ಪಂಪು ಬೆಳಿಗ್ಗೆ, ಏಳು ಮಧ್ಯಾಹ್ನ, ಒಂದು ಎದ್ದು ನಿಂತ ಮೇಲೆ ಇನ್ನೊಂದು.