ದಿನ ಬಿಟ್ಟು ದಿನ ಚಳಿಜ್ವರವೇ? ಜ್ವರ ಬಿಟ್ಟ ದಿನವೂ ರಕ್ತ ಕೊಡಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆ. ಹಣ್ಣು ಕೊಯ್ಯುವ ಕೆಲಸ ಶುರುವಾಗಿತ್ತು. ಅಲ್ಲಿನ ಒಬ್ಬ ಹುಡುಗ ಮಂಗಳೂರಲ್ಲಿ ಕಟ್ಟಡದ ಕೆಲಸಕ್ಕಿದ್ದವನು, ದೀಪಾವಳಿಗೆ ಊರಿಗೆ ಬಂದು ಹಾಗೇ ಕೊಯ್ಲಿಗೆ ನಿಂತಿದ್ದ. ಬಂದ ಹನ್ನೊಂದನೇ ದಿನ, ಶುಕ್ರವಾರ, ಮೈಕೈ ನೋವಿನ ಜೊತೆ ಜ್ವರ ಬಂತು. ಶನಿವಾರವೂ ಇತ್ತು, ಭಾನುವಾರ ಸ್ವಲ್ಪ ಇಳಿಯಿತು. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಗಡಗಡ ನಡುಕ ಹಿಡಿಯಿತು. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಮಂಗಳವಾರ ಎದ್ದು ಕೆಲಸಕ್ಕೆ ಹೋದ. ಬುಧವಾರ ಮತ್ತೆ ಮೂರರ ಸುಮಾರಿಗೆ ಅದೇ ನಡುಕ. ಗುರುವಾರ ಮತ್ತೆ ಆರಾಮ.

ಆ ಗುರುವಾರ ಸಂಜೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ಅವನು ಕೇಳಿದ್ದು ಒಂದೇ ಮಾತು: "ಇವತ್ತು ಜ್ವರವೇ ಇಲ್ವಲ್ಲ ಅಕ್ಕ, ರಕ್ತ ಯಾಕೆ ಕೊಡಬೇಕು?"

ಪ್ರಯೋಗಾಲಯದಲ್ಲಿ ಕೂತು ರಕ್ತದ ಸ್ಲೈಡ್ ನೋಡುವುದೇ ನನ್ನ ಕೆಲಸ. ಈ ಮಾತು ಕೇಳಿದಾಗೆಲ್ಲ ನನಗೆ ಕಳವಳವಾಗುತ್ತದೆ. ಮಲೇರಿಯಾದಲ್ಲಿ ಜನ ತಡಮಾಡುವುದು ಮೈ ಸುಡುವ ದಿನ ಅಲ್ಲ, ಆರಾಮಾಗಿರುವ ಆ ನಡುವಿನ ದಿನ.

ಜ್ವರ ಗಡಿಯಾರ ನೋಡಿದ ಹಾಗೆ ಯಾಕೆ ಬರುತ್ತದೆ

ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಅಲ್ಲಿ ಹೆಚ್ಚುತ್ತದೆ. ಆಗ ನಮಗೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಕಡಿಮೆ ಅಂದರೂ ಒಂದು ವಾರ, ಸಾಮಾನ್ಯವಾಗಿ ಹತ್ತು ಹದಿನೈದು ದಿನ ಬೇಕು. ಹಾಗಾಗಿ ಮಂಗಳೂರಿಗೆ ಹೋಗಿ ಬಂದ ಮಾರನೇ ದಿನವೇ ಜ್ವರ ಬಂದರೆ ಅದು ಆ ಪ್ರಯಾಣದಲ್ಲಿ ಕಚ್ಚಿದ ಸೊಳ್ಳೆಯ ಮಲೇರಿಯಾ ಅಲ್ಲ. ಎರಡು ವಾರದ ಮೇಲೆ ಬಂದರೆ ಅನುಮಾನ ಪಡಲೇಬೇಕು.

ಆಮೇಲೆ ರೋಗಾಣು ಕೆಂಪು ರಕ್ತಕಣದೊಳಗೆ ಸೇರುತ್ತದೆ. ನಮ್ಮ ಕಡೆ ಹೆಚ್ಚು ಕಾಣುವ ವೈವಾಕ್ಸ್ ಜಾತಿಯದು ಒಂದು ಕಣದೊಳಗೆ ಬೆಳೆದು ಮರಿ ಹಾಕಲು ಸುಮಾರು 48 ಗಂಟೆ ತೆಗೆದುಕೊಳ್ಳುತ್ತದೆ. ಕೊನೆಗೆ ಲಕ್ಷಾಂತರ ಕಣಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಒಡೆದಾಗ ರಕ್ತಕ್ಕೆ ಸೇರುವ ಕಸ ಮೈಯನ್ನು ಕೆರಳಿಸುತ್ತದೆ, ಚಳಿ ಹಿಡಿಯುತ್ತದೆ. ಹಲ್ಲು ಕಟಕಟ ಅನ್ನುವಾಗಲೇ ಒಳಗೆ ಜ್ವರ ಏರುತ್ತಿರುತ್ತದೆ. ನಡುಕ ಹೆಚ್ಚೆಂದರೆ ಒಂದು ಗಂಟೆ. ಆಮೇಲೆ ಕೆಲವು ಗಂಟೆ ಮೈ ಕೆಂಡ, ತಲೆ ಸಿಡಿತ. ಕೊನೆಗೆ ಹಾಸಿಗೆ ಒದ್ದೆಯಾಗುವಷ್ಟು ಬೆವರಿ ಜ್ವರ ಇಳಿಯುತ್ತದೆ, ನಿದ್ದೆ ಬರುತ್ತದೆ.

ಮಾರನೇ ದಿನ ಆರಾಮ ಅನ್ನಿಸುವುದು ರೋಗ ಹೋಗಿದ್ದಕ್ಕಲ್ಲ. ಹೊಸ ಮರಿಗಳು ಹೊಸ ಕಣಗಳ ಒಳಗೆ ಬೆಳೆಯುತ್ತಿವೆ, ಅಷ್ಟೇ. ಆ ದಿನವೂ ಅವು ರಕ್ತದಲ್ಲೇ ಇರುತ್ತವೆ, ಪರೀಕ್ಷೆಯಲ್ಲಿ ಸಿಗುತ್ತವೆ. ಆ ಹುಡುಗನಿಗೆ ಆಶಾ ಅಕ್ಕ ಹೇಳಿದ್ದೂ ಇದನ್ನೇ.

ಅನುಮಾನ ಹೇಗೆ ಪಡುವುದು

ಒಂದು ಹಾಳೆಯಲ್ಲಿ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ ಚಳಿ ಬಂತು, ಯಾವಾಗ ಬೆವರಿತು, ಯಾವ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು. ಹಿಂದಿನ ಒಂದು ತಿಂಗಳಲ್ಲಿ ಎಲ್ಲೆಲ್ಲಿ ಮಲಗಿದ್ದಿರಿ ಅನ್ನುವುದನ್ನೂ ಬರೆಯಿರಿ. ವೈದ್ಯರಿಗೆ ಇದು ತುಂಬಾ ಉಪಯೋಗ.

ಆದರೆ ದಿನ ಬಿಟ್ಟು ದಿನದ ಲೆಕ್ಕ ಸ್ಪಷ್ಟವಾಗಲಿ ಅಂತ ಕಾಯುತ್ತಾ ಕೂರಬೇಡಿ. ಮೊದಲ ಕೆಲವು ದಿನ ರೋಗಾಣುಗಳು ಒಂದೇ ಹೆಜ್ಜೆಯಲ್ಲಿ ಇರುವುದಿಲ್ಲ, ಜ್ವರ ದಿನವೂ ಬರಬಹುದು. ಈ ಹುಡುಗನಿಗೆ ಶುಕ್ರವಾರ, ಶನಿವಾರ ಆಗಿದ್ದು ಅದೇ. ಇನ್ನೂ ಅಪಾಯದ ಫಾಲ್ಸಿಪೇರಂ ಜಾತಿಯಲ್ಲಂತೂ ಎಷ್ಟೋ ಸಲ ಲೆಕ್ಕವೇ ಸಿಗುವುದಿಲ್ಲ, ಜ್ವರ ಬಿಡದೆ ಇರುತ್ತದೆ. ನಡುವೆ ಪ್ಯಾರಾಸಿಟಮಾಲ್ ನುಂಗುತ್ತಿದ್ದರೆ ಏರಿಳಿತ ಇನ್ನಷ್ಟು ಕಲಸಿಹೋಗುತ್ತದೆ.

ಮಲೆನಾಡಲ್ಲಿ ಜ್ವರ ಅಂದರೆ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಯಾವುದೂ ಆಗಬಹುದು. ಮೈ ಮುಟ್ಟಿ ನೋಡಿ ಇದು ಇಂಥದ್ದೇ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ರಕ್ತ ನೋಡಬೇಕು. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಡೆಂಗಿ ಆಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಒಂದು ಹನಿ ರಕ್ತ, ಇಪ್ಪತ್ತು ನಿಮಿಷ

ಆಶಾ ಅಕ್ಕ ಅವನ ಉಂಗುರ ಬೆರಳನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಟ್ಟು, ಹೊಸ ಸೂಜಿಯಿಂದ ಚುಚ್ಚಿದರು. ಕಿಟ್‌ಗೆ ಬೇಕಾಗಿದ್ದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಹನಿ. ಅದನ್ನು ಕಿಟ್‌ನ ಸಣ್ಣ ಕಿಂಡಿಗೆ ಹಾಕಿ, ಪಕ್ಕದ ಕಿಂಡಿಗೆ ದ್ರಾವಣದ ಹನಿಗಳನ್ನು ಬಿಟ್ಟರು. ಎಷ್ಟು ಹನಿ, ಎಷ್ಟು ನಿಮಿಷ ಕಾಯಬೇಕು ಅನ್ನುವುದು ಕಿಟ್‌ನ ಚೀಟಿಯಲ್ಲೇ ಇರುತ್ತದೆ. ಹೆಚ್ಚಿನವಕ್ಕೆ 15ರಿಂದ 20 ನಿಮಿಷ.

'ಸಿ' ಅನ್ನುವ ಅಕ್ಷರದ ಎದುರು ಗೆರೆ ಮೂಡಲೇಬೇಕು. ಮೂಡದಿದ್ದರೆ ಆ ಕಿಟ್ ಕೆಟ್ಟಿದೆ, ಉಳಿದ ಗೆರೆ ಏನೇ ಇರಲಿ ಲೆಕ್ಕಕ್ಕಿಲ್ಲ. ಅದರ ಜೊತೆ ವೈವಾಕ್ಸ್ ಅಥವಾ ಫಾಲ್ಸಿಪೇರಂ ಜಾಗದಲ್ಲಿ ಗೆರೆ ಬಂದರೆ ಅದೇ ಉತ್ತರ. ತೆಳ್ಳಗಿದ್ದರೂ ಗೆರೆ ಗೆರೆಯೇ. ಹೇಳಿದ ಹೊತ್ತು ಮೀರಿದ ಮೇಲೆ ಮೂಡಿದ ಗೆರೆಯನ್ನು ಮಾತ್ರ ನಂಬಬೇಡಿ. ಹುಡುಗನ ಕಿಟ್‌ನಲ್ಲಿ ವೈವಾಕ್ಸ್ ಗೆರೆ ಚೆನ್ನಾಗಿಯೇ ಬಂತು.

ಅವರು ಸ್ಲೈಡ್ ಮೇಲೂ ರಕ್ತ ಲೇಪಿಸಿ ಕಳಿಸಿದ್ದರು. ನಾನು ಬಣ್ಣ ಹಾಕಿ ನೋಡಿದಾಗ ಕೆಲವು ಕಣಗಳು ಊದಿಕೊಂಡು ಒಳಗೆ ರೋಗಾಣು ಕಾಣಿಸಿತು. ರೋಗಾಣು ಕಡಿಮೆ ಇದ್ದರೆ ಹುಡುಕಲು ಹೊತ್ತು ಹಿಡಿಯುತ್ತದೆ. ದಪ್ಪ ಲೇಪನದಲ್ಲಿ ಕನಿಷ್ಠ 100 ಕಡೆ ನೋಡದೆ 'ಇಲ್ಲ' ಅಂತ ಬರೆಯುವ ಹಾಗಿಲ್ಲ.

'ಇಲ್ಲ' ಅಂತ ಬಂದರೂ ಚಳಿಜ್ವರ ನಿಲ್ಲದಿದ್ದರೆ ಮಾರನೇ ದಿನ, ಅದರ ಮಾರನೇ ದಿನ ಮತ್ತೆ ರಕ್ತ ಕೊಡಿ. ರೋಗಾಣು ಕಡಿಮೆ ಇದ್ದಾಗ ಒಂದು ಪರೀಕ್ಷೆಗೆ ತಪ್ಪಿಸಿಕೊಳ್ಳಬಹುದು. ಮನೆಯಲ್ಲಿ ಉಳಿದಿದ್ದ ಹಳೇ ಮಲೇರಿಯಾ ಮಾತ್ರೆ ಎರಡು ನುಂಗಿ ಬಂದರೂ ಹೀಗಾಗುತ್ತದೆ. ನುಂಗಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ.

ಬೇಗ ಯಾಕೆ

ಫಾಲ್ಸಿಪೇರಂ ಹೊಕ್ಕ ಕಣಗಳು ಮೆದುಳು, ಮೂತ್ರಪಿಂಡದ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಮಾತಾಡಿಕೊಂಡಿದ್ದವರು ರಾತ್ರಿಗೆ ಪ್ರಜ್ಞೆ ತಪ್ಪಬಹುದು. ಮಂಪರು, ಫಿಟ್ಸ್, ಕಣ್ಣು ಹಳದಿ, ಮೂತ್ರ ಕಪ್ಪಾಗುವುದು ಅಥವಾ ತೀರಾ ಕಡಿಮೆಯಾಗುವುದು, ಏದುಸಿರು, ನುಂಗಿದ್ದೆಲ್ಲ ವಾಂತಿ: ಇದರಲ್ಲಿ ಒಂದು ಕಂಡರೂ ಕಿಟ್‌ಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ಜ್ವರ ಬಂದ ದಿನವೇ ಪರೀಕ್ಷೆ ಆಗಬೇಕು.

ಜಾತಿ ತಿಳಿಯುವುದೂ ಅಷ್ಟೇ ಮುಖ್ಯ, ಯಾಕೆಂದರೆ ಎರಡಕ್ಕೂ ಔಷಧಿ ಬೇರೆ. ವೈವಾಕ್ಸ್‌ಗೆ ಮೂರು ದಿನ ಕ್ಲೋರೊಕ್ವಿನ್, ಜೊತೆಗೆ 14 ದಿನ ಪ್ರೈಮಾಕ್ವಿನ್. ಈ ಎರಡನೆಯದು ಪಿತ್ತಜನಕಾಂಗದಲ್ಲಿ ಮಲಗಿರುವ ರೋಗಾಣುವಿಗೆ. ಅದನ್ನು ಬಿಟ್ಟರೆ ಹೊಸ ಸೊಳ್ಳೆ ಕಚ್ಚದೆಯೂ ತಿಂಗಳುಗಳ ಮೇಲೆ ಅದೇ ಜ್ವರ ಎದ್ದು ಬರಬಹುದು. ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ ಈ ಮಾತ್ರೆ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ರಕ್ತಕಣಗಳನ್ನು ಇದು ಒಡೆಯುತ್ತದೆ. ಹಾಗಾಗಿ ವೈದ್ಯರು ಹೇಳಿದರೆ ಮಾತ್ರ ನುಂಗಬೇಕು, ಮೂತ್ರ ಕಪ್ಪಗಾದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬರಬೇಕು.

ಹುಡುಗನಿಗೆ ನಾಲ್ಕನೇ ದಿನಕ್ಕೇ ಜ್ವರ ಪೂರ್ತಿ ಬಿಟ್ಟಿತು. ಉಳಿದ ಮಾತ್ರೆ ಬೇಡ ಅಂತ ಹಟ ಮಾಡಿದ. ಅವನ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಕ್ಕೂ ಗುರುತು ಹಾಕಿ, ಊಟವಾದ ಮೇಲೆ ಎದುರಿಗೆ ನಿಂತು ನುಂಗಿಸಿದರು. ಆ ವಾರವೇ ಲೈನ್ ಮನೆಗಳಲ್ಲಿ ಎಲ್ಲರ ರಕ್ತವನ್ನೂ ತೆಗೆದರು. ಇನ್ನೊಂದು ಸ್ಲೈಡ್‌ನಲ್ಲಿ ವೈವಾಕ್ಸ್ ಸಿಕ್ಕಿತು. ಅದು ಅವನ ಜೊತೆ ಮಂಗಳೂರಲ್ಲೇ ಇದ್ದ ಗೆಳೆಯನದು. ಅವನಿಗಿನ್ನೂ ಚಳಿ ಶುರುವಾಗಿ ಒಂದೇ ದಿನ ಆಗಿತ್ತು.