ಮೂರು ಸಲ ಬಾಗಿಲು ತಟ್ಟುವ ಮಲತಾಯಿ: ಕಥೆ ಹೇಳಲು ಕಲಿಯುವವರಿಗೆ

ಧಾರವಾಡದ ಬೇಸಿಗೆ ಶಿಬಿರಗಳಲ್ಲಿ ಸ್ನೋ ವೈಟ್ ಕಥೆ ಹೇಳುವವರನ್ನು ಬಹಳ ನೋಡಿದ್ದೇನೆ. ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಮಲತಾಯಿ ಬಂದಳು, ವಿಷದ ಸೇಬು ಕೊಟ್ಟಳು, ಹುಡುಗಿ ಬಿದ್ದಳು, ಅಷ್ಟೇ. ಆದರೆ ಗ್ರಿಮ್ ಸಹೋದರರ ಕಥೆಯಲ್ಲಿ ಅವಳು ಮೂರು ಸಲ ಬರುತ್ತಾಳೆ. ಮೊದಲೆರಡು ಬಿಟ್ಟರೆ ಮೂರನೆಯದಕ್ಕೆ ಬಲವೇ ಇರುವುದಿಲ್ಲ.

ಮೊದಲ ಹೆಜ್ಜೆ ಸುಲಭ. ಕನ್ನಡಿ, ಕಾಡು, ಏಳು ಕುಳ್ಳರ ಮನೆ, ಇಷ್ಟನ್ನು ಬೇಗ ಹೇಳಿ ಮುಗಿಸಿ.

ಎರಡನೇ ಹೆಜ್ಜೆಯಲ್ಲಿ ಮಾತ್ರ ಅವಸರ ಬೇಡ. ಮೊದಲ ಸಲ ರಾಣಿ ಸಾಮಾನು ಮಾರುವ ಮುದುಕಿಯ ವೇಷದಲ್ಲಿ ಬರುತ್ತಾಳೆ. ಕುಪ್ಪಸ ಬಿಗಿಯುವ ಚಂದದ ಲಾಡಿ ತೋರಿಸುತ್ತಾಳೆ. ಹುಡುಗಿ ಅನುಮಾನಪಡದೆ ಬಾಗಿಲು ತೆಗೆಯುತ್ತಾಳೆ. ಮುದುಕಿ ಉಸಿರು ಕಟ್ಟುವ ಹಾಗೆ ಲಾಡಿ ಬಿಗಿಯುತ್ತಾಳೆ. ಸಂಜೆ ಕುಳ್ಳರು ಅದನ್ನು ಕತ್ತರಿಸುತ್ತಾರೆ, ಹುಡುಗಿ ಏಳುತ್ತಾಳೆ. ಎರಡನೇ ಸಲ ವಿಷದ ಹಣಿಗೆ. ಈಗ ಹುಡುಗಿ "ಯಾರನ್ನೂ ಒಳಗೆ ಬಿಡುವ ಹಾಗಿಲ್ಲ" ಅನ್ನುತ್ತಾಳೆ. ಆದರೂ ಹಣಿಗೆಯ ಅಂದಕ್ಕೆ ಸೋಲುತ್ತಾಳೆ. ಕುಳ್ಳರು ತಲೆಯಿಂದ ಹಣಿಗೆ ಕಿತ್ತರೆ ಮತ್ತೆ ಏಳುತ್ತಾಳೆ.

ಇಲ್ಲಿಗೆ ಮಕ್ಕಳಿಗೆ ಒಂದು ಲೆಕ್ಕ ಸಿಕ್ಕಿರುತ್ತದೆ: ಮೈಮೇಲಿನ ವಸ್ತು ತೆಗೆದರೆ ಹುಡುಗಿ ಬದುಕುತ್ತಾಳೆ. ಒಂದು ಸಲ ಆದದ್ದು ಬರೀ ಘಟನೆ. ಎರಡು ಸಲ ಆದರೆ ಅದು ಹೀಗೇ ಆಗುತ್ತದೆ ಎಂಬ ನಂಬಿಕೆ. ಆ ನಂಬಿಕೆ ಮುರಿಯುವುದೇ ಮೂರನೆಯದರ ಕೆಲಸ. ಹುಡುಗಿ ಈಗ ಬಾಗಿಲೂ ತೆಗೆಯುವುದಿಲ್ಲ, ಸೇಬನ್ನೂ ಒಲ್ಲೆ ಅನ್ನುತ್ತಾಳೆ. ಸೇಬಿನ ಕೆಂಪು ಭಾಗದಲ್ಲಿ ಮಾತ್ರ ವಿಷ ಇದೆ. ರಾಣಿ ಬಿಳಿ ಭಾಗ ತಾನು ತಿಂದು ತೋರಿಸಿ ನಂಬಿಸುತ್ತಾಳೆ. ಸಂಜೆ ಕುಳ್ಳರು ಲಾಡಿ ಬಿಚ್ಚುತ್ತಾರೆ, ಕೂದಲು ಬಾಚಿ ನೋಡುತ್ತಾರೆ. ಏನೂ ಸಿಗುವುದಿಲ್ಲ. ಈ ಸಲದ ವಸ್ತು ಮೈಮೇಲಿಲ್ಲ, ಗಂಟಲೊಳಗಿದೆ. ಈ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ನಿರಿ. "ಮುಂದ ಏನಾತ್ರಿ?" ಅಂತ ಮಕ್ಕಳೇ ಕೇಳಬೇಕು. ಕೇಳದಿದ್ದರೆ ನೀವು ಎರಡನೇ ಸಲವನ್ನು ಓಡಿಸಿದ್ದೀರಿ ಎಂದೇ ಅರ್ಥ.

1937ರ ಡಿಸ್ನಿ ಸಿನಿಮಾದಲ್ಲಿ ಲಾಡಿಯೂ ಇಲ್ಲ, ಹಣಿಗೆಯೂ ಇಲ್ಲ, ಸೇಬು ಮಾತ್ರ ಇದೆ. ಅಲ್ಲಿ ಚಿತ್ರ, ಹಾಡು ಸೇರಿ ಆ ಜಾಗ ತುಂಬುತ್ತವೆ. ಬಾಯಲ್ಲಿ ಹೇಳುವವರ ಹತ್ತಿರ ಅದೆಲ್ಲಿಂದ ಬರಬೇಕು? ಹಣಿಗೆ ಇಲ್ಲದ ಚಿತ್ರಪುಸ್ತಕವನ್ನು ಕಥೆ ಹೇಳಲು ಕೊಳ್ಳಲೇಬೇಡಿ.

ಹಾಗಾದರೆ ನಾಲ್ಕು ಸಲ ಯಾಕೆ ಬೇಡ? ಎರಡರಲ್ಲೇ ಲೆಕ್ಕ ಗೊತ್ತಾಗಿರುವಾಗ ಮೂರನೆಯದೂ ಅದೇ ರೀತಿ ಹೋದರೆ ಕೇಳುವವರಿಗೆ ಬೇಜಾರು. ಆದರೆ ಇದು ಜಗತ್ತಿಗೆಲ್ಲ ಒಂದೇ ನಿಯಮ ಅಲ್ಲ. ಡೆನ್ಮಾರ್ಕಿನ ಜಾನಪದ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲಿ ಮೂರರ ನಿಯಮದ ಬಗ್ಗೆ ಬರೆದಾಗಲೇ, ಭಾರತದ ಕಥೆಗಳಲ್ಲಿ ಎಷ್ಟೋ ಸಲ ಮೂರರ ಜಾಗದಲ್ಲಿ ನಾಲ್ಕು ಬರುತ್ತದೆ ಎಂದಿದ್ದರು. ನಮ್ಮಲ್ಲಿ ಏಳು ಸಮುದ್ರ, ಏಳು ಜನ ಅಣ್ಣತಮ್ಮಂದಿರೂ ಇದ್ದಾರೆ. ಅಜ್ಜಿ ಹೇಳಿದ ಕಥೆಯಲ್ಲಿ ಏಳಿದ್ದರೆ ಅದನ್ನು ಮೂರಕ್ಕೆ ಇಳಿಸಬೇಡಿ.

ಮೂರನೇ ಹೆಜ್ಜೆ ಮಲತಾಯಿ. 1812ರಲ್ಲಿ ಬಂದ ಗ್ರಿಮ್ ಸಹೋದರರ ಮೊದಲ ಮುದ್ರಣದಲ್ಲಿ ಈ ರಾಣಿ ಮಲತಾಯಿಯೇ ಅಲ್ಲ, ಹೆತ್ತ ತಾಯಿ! ಹಿಮದಷ್ಟು ಬಿಳಿ, ರಕ್ತದಷ್ಟು ಕೆಂಪು ಮಗು ಬೇಕೆಂದು ಆಸೆಪಟ್ಟವಳೇ ಮುಂದೆ ಆ ಮಗುವನ್ನು ಕೊಲ್ಲಿಸಲು ಹೊರಡುತ್ತಾಳೆ. 1819ರ ಎರಡನೇ ಮುದ್ರಣದಲ್ಲಿ ಆ ತಾಯಿಯನ್ನು ಹೆರಿಗೆಯಲ್ಲಿ ಸಾಯಿಸಿ ಮಲತಾಯಿಯನ್ನು ತಂದರು. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯ ತಾಯಿಯೂ 1840ರ ಮುದ್ರಣದಲ್ಲಿ ಮಲತಾಯಿಯಾದಳು. ಪುಸ್ತಕ ಮನೆಮನೆಯ ಮಕ್ಕಳ ಕೈಗೆ ಹೋಗುತ್ತಿತ್ತು. ಹೆತ್ತವಳೇ ಹೀಗೆ ಮಾಡಿದಳು ಎಂದು ಮಕ್ಕಳಿಗೆ ಓದಿ ಹೇಳುವುದು ಕಷ್ಟ, ಅಲ್ವಾ?

ಆದರೆ ಗ್ರಿಮ್ ಸಹೋದರರು ಮಲತಾಯಿಯನ್ನು ಹೊಸದಾಗಿ ಹುಟ್ಟಿಸಲಿಲ್ಲ. ಹೆರಿಗೆಯಲ್ಲಿ ಹೆಂಗಸರು ಸಾಯುವುದು, ಗಂಡ ಮರುಮದುವೆಯಾಗುವುದು ಆಗ ಸಾಮಾನ್ಯವಾಗಿತ್ತು. ಎರಡನೇ ಹೆಂಡತಿಗೆ ತನ್ನ ಮಕ್ಕಳ ಪಾಲಿನ ಚಿಂತೆ. ಕಥೆಗೂ ಅವಳು ಅನುಕೂಲ. ರಾಕ್ಷಸ ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಅನ್ನ ಬಡಿಸುವವಳೇ ವೈರಿಯಾದರೆ ಮಗು ಮನೆ ಬಿಟ್ಟು ಹೋಗಲೇಬೇಕು, ಕಥೆ ಅಲ್ಲಿಂದಲೇ ಹೊರಡುತ್ತದೆ. ಇಷ್ಟಾದರೂ ಅವಳು ಕಡ್ಡಾಯ ಅಲ್ಲ. ಕನ್ನಡದ ಸಿಂಡರೆಲ್ಲಾ ಎನಿಸಿಕೊಂಡ ಹಂಚಿಯ ಕಥೆಯಲ್ಲಿ ಅಪಾಯ ಬರುವುದು ಅಣ್ಣನಿಂದ. ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಕಾಪಾಡುವವಳು ಹೆತ್ತ ತಾಯಿ.

ಕೇಳುವ ಮಕ್ಕಳಲ್ಲಿ ಮಲತಾಯಿ ಜೊತೆ ಬೆಳೆಯುತ್ತಿರುವವರೂ ಇರಬಹುದು. ಅಂಥ ಕಡೆ ನಾನು "ರಾಣಿ" ಎಂದಷ್ಟೇ ಹೇಳುತ್ತೇನೆ, ನೀವೂ ಹಾಗೇ ಮಾಡಿ. ಕನ್ನಡಿ, ಲಾಡಿ, ಹಣಿಗೆ, ಸೇಬು ಇದ್ದರೆ ಸಾಕು. ಅವಳು ಮಲತಾಯಿ ಎನ್ನದಿದ್ದರೂ ಕಥೆ ನಡೆಯುತ್ತದೆ.