ಅಮ್ಮನ ಡಿವಿಡೆಂಡಲ್ಲಿ ಕಟ್ ಆದ 1,800 ರೂಪಾಯಿ

ನಮ್ಮ ಅಮ್ಮನಿಗೆ 64 ವರ್ಷ, ಉಡುಪಿಯಲ್ಲಿದ್ದಾರೆ. ಅಪ್ಪ ತೆಗೆದಿಟ್ಟಿದ್ದ ಶೇರುಗಳು ಈಗ ಅವರ ಹೆಸರಲ್ಲೇ ಇವೆ, ಕಂಪನಿಗಳು ಲಾಭದಲ್ಲಿ ಕೊಡೋ ಪಾಲು, ಅಂದ್ರೆ ಡಿವಿಡೆಂಡ್, ಅವರ ಖಾತೆಗೇ ಬರುತ್ತೆ. 2024ರ ಆಗಸ್ಟಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದವರು "18 ಸಾವಿರ ಬರ್ಬೇಕಿತ್ತು ಮಗಾ, 16,200 ಮಾತ್ರ ಬಂದಿದೆ, ನೋಡು" ಅಂದ್ರು. ನೋಡಿದ್ರೆ ಕಂಪನಿಯವರು ಶೇಕಡಾ 10 ಟಿಡಿಎಸ್, ಅಂದ್ರೆ ದುಡ್ಡು ಕೊಡುವಾಗಲೇ ಕಟ್ ಮಾಡೋ ಟ್ಯಾಕ್ಸ್, ಹಿಡ್ಕೊಂಡೇ ಹಾಕಿದ್ದಾರೆ.

"ಟ್ಯಾಕ್ಸ್ ಹಿಡೀಬೇಡಿ ಅಂತ ನಾನು ಬ್ಯಾಂಕಿಗೆ 15ಎಚ್ ಫಾರ್ಮ್ ಕೊಟ್ಟಿದ್ದೆನಲ್ಲ" ಅಂತ ಅಮ್ಮನ ಪ್ರಶ್ನೆ. ಅಲ್ಲೇ ತಪ್ಪಿದ್ದು. ಬ್ಯಾಂಕಿಗೆ ಕೊಟ್ಟದ್ದು ಆ ಬ್ಯಾಂಕಿನ ಎಫ್‌ಡಿ ಬಡ್ಡಿಗೆ ಮಾತ್ರ, ಡಿವಿಡೆಂಡಿಗೆ ಆಯಾ ಕಂಪನಿಗೇ ಬೇರೆ ಕೊಡ್ಬೇಕು, ಪ್ರತಿ ವರ್ಷ ಹೊಸದಾಗಿ ಕೊಡ್ಬೇಕು. 60 ತುಂಬಿದವರು, ಆ ವರ್ಷದ ಒಟ್ಟು ಆದಾಯಕ್ಕೆ ಟ್ಯಾಕ್ಸ್ ಬರೋದೇ ಇಲ್ಲ ಅಂತಿದ್ರೆ ಮಾತ್ರ ಆಗ 15ಎಚ್ ಕೊಡ್ಬಹುದಿತ್ತು.

2020ರ ಏಪ್ರಿಲ್‌ಗೆ ಮೊದಲು ಕಂಪನಿಯೇ ತೆರಿಗೆ ಕಟ್ಟಿ ಉಳಿದದ್ದನ್ನ ಹಂಚ್ತಿತ್ತು, ಹಾಗಾಗಿ ಅಪ್ಪನ ಕಾಲದಲ್ಲಿ ಈ ತಲೆಬಿಸಿ ಇರ್ಲಿಲ್ಲ. ಈಗ ಡಿವಿಡೆಂಡ್ ನಮ್ಮ ಆದಾಯಕ್ಕೆ ಸೇರಿ ನಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್, ಆ 10 ಪರ್ಸೆಂಟ್ ಬರೀ ಮುಂಗಡ ಇದ್ದ ಹಾಗೆ. 30 ಪರ್ಸೆಂಟ್ ಸ್ಲ್ಯಾಬಲ್ಲಿ ಇರುವವರು ಟಿಡಿಎಸ್ ಆಗಿದೆ ಅಂತ ಸುಮ್ನೆ ಕೂತ್ರೆ ಬಾಕಿ ಕಟ್ಟೋದು ಹಾಗೇ ಉಳಿಯುತ್ತೆ.

ಒಮ್ಮೆ ಕಟ್ ಆದ ದುಡ್ಡನ್ನ ಕಂಪನಿ ವಾಪಸ್ ಕೊಡಲ್ಲ, ಅದು ಸರ್ಕಾರಕ್ಕೆ ಹೋಗಿ ಅಮ್ಮನ ಪ್ಯಾನ್ ಹೆಸರಲ್ಲಿ ಕೂತಿರುತ್ತೆ, ರಿಟರ್ನ್ ಹಾಕಿಯೇ ತೆಗೀಬೇಕು. ಅಮ್ಮನಿಗೆ ಡಿವಿಡೆಂಡ್ ಬಿಟ್ಟು ಬಡ್ಡಿ ಎಲ್ಲಾ ಸೇರಿ 2,40,000 ಅಷ್ಟೇ, ರಿಟರ್ನ್ ಕಡ್ಡಾಯ ಇರ್ಲಿಲ್ಲ, ಆದ್ರೂ ಈ 1,800ಕ್ಕಾಗಿ ಹಾಕಿದೆ. ಮೊದಲು ಪಾಸ್‌ಬುಕ್ ನೋಡಿ ಡಿವಿಡೆಂಡ್ 16,200 ಅಂತ ಬರೆದಿದ್ದೆ, ಸಬ್ಮಿಟ್ ಮಾಡೋ ಮೊದಲು ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ಎಐಎಸ್, ಅಂದ್ರೆ ಇಲಾಖೆ ಹತ್ರ ಇರೋ ನಮ್ಮ ಆದಾಯದ ಪಟ್ಟಿ, ತೆಗೆದು ನೋಡಿದ್ರೆ ಅಲ್ಲಿ 18,000 ಇತ್ತು. ಅದೇ ಸರಿ. ಕೈಗೆ ಬಂದದ್ದಲ್ಲ, ಕಂಪನಿ ಕೊಟ್ಟ ಪೂರ್ತಿ ಮೊತ್ತ ಆದಾಯಕ್ಕೆ ತೋರಿಸ್ಬೇಕು, 1,800ನ್ನ ಟಿಡಿಎಸ್ ಅಂತ ಬೇರೆ ಕಡೆ ಕ್ಲೇಮ್ ಮಾಡ್ಬೇಕು. ಇನ್ನೊಂದು ಕಂಪನಿಯಿಂದ 3,200 ಬಂದಿತ್ತು, ಆಗ ಒಂದು ಕಂಪನಿಯಿಂದ ವರ್ಷಕ್ಕೆ 5,000 ದಾಟದಿದ್ರೆ ಟಿಡಿಎಸ್ ಇರ್ಲಿಲ್ಲ, ಆದ್ರೆ ಟಿಡಿಎಸ್ ಇಲ್ಲ ಅಂದ್ರೆ ಟ್ಯಾಕ್ಸ್ ಫ್ರೀ ಅಂತಲ್ಲ ಮಾರಾಯ್ರೆ, ಅದನ್ನೂ ಸೇರಿಸಿದೆ. ಒಟ್ಟು 2,61,200 ಆಯ್ತು, 3 ಲಕ್ಷದ ಒಳಗೇ, ಟ್ಯಾಕ್ಸ್ ಸೊನ್ನೆ. 1,800 ಪೂರ್ತಿ ರಿಫಂಡ್ ಬಂತು.

2025ರ ಏಪ್ರಿಲಿಂದ ಆ ಮಿತಿ 10,000 ಆಯ್ತು, ಅಮ್ಮನ 18,000 ಅದನ್ನೂ ದಾಟುತ್ತೆ. ಆ ವರ್ಷ ಮೊದಲೇ ಹುಡುಕಿದೆ. ಡಿವಿಡೆಂಡಿಗೆ ಮುಂಚೆ 15ಎಚ್ ಕೊಡೋ ಕೊನೇ ತಾರೀಕು ಹೇಳೋ ಮೇಲ್ ಬರ್ತಿತ್ತು, ಅದು ಅಪ್ಪನ ಹಳೇ ಐಡಿಗೆ ಹೋಗ್ತಿತ್ತು! ಡಿಮ್ಯಾಟಲ್ಲಿ ಮೇಲ್ ಐಡಿ ಬದಲಾಯಿಸಿ, ಕಂಪನಿ ಪರವಾಗಿ ಶೇರುದಾರರ ಲೆಕ್ಕ ನೋಡ್ಕೊಳ್ಳೋ ರಿಜಿಸ್ಟ್ರಾರ್ ವೆಬ್‌ಸೈಟಲ್ಲಿ ಪ್ಯಾನ್, ಡಿಮ್ಯಾಟ್ ನಂಬರ್ ಹಾಕಿ ಅಮ್ಮ ಸಹಿ ಮಾಡಿದ 15ಎಚ್ ಅಪ್ಲೋಡ್ ಮಾಡಿದೆ. ಆಗಸ್ಟಲ್ಲಿ ಪಾಸ್‌ಬುಕ್ಕಲ್ಲಿ 18,000 ಅಂತಲೇ ಬಿತ್ತು.